ಪದ ಬದಲಾದರೆ ಸಾಲದು

‘ಬೆಂಗಳೂರಿಗೆ ವಿದ್ಯುತ್ ಬಂದ ಬಗೆ’ ಎಂಬ ವಿಷಯದ ಮೇಲೆ ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಸಂಶೋಧನಾ ಪ್ರಬಂಧ ಬರೆಯಬೇಕಾಗಿದೆ ಎಂದುಕೊಳ್ಳಿ. ಶಾಲೆ ಕೊಟ್ಟ ಹಾಳೆಯಲ್ಲಿ ಎರಡೇ ಸೂಚನೆಗಳಿವೆ. ಆಕರಗಳಲ್ಲಿ ಇದ್ದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಎಂಎಲ್‌ಎ ಅಥವಾ ಎಪಿಎ, ಎರಡರಲ್ಲಿ ಒಂದು ಶೈಲಿಯನ್ನು ಅನುಸರಿಸಿ. ಅಮೆರಿಕದ ಹೈಸ್ಕೂಲುಗಳಲ್ಲಿ ಓದುವ ಕನ್ನಡದ ಮಕ್ಕಳಿಗೆ ಇಂಥ ಹಾಳೆ ಹೊಸದಲ್ಲ. ಬೆಂಗಳೂರಿನ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲೂ ಈಗ ಇದು ಮಾಮೂಲು. ಐಬಿ ಡಿಪ್ಲೊಮಾ ಓದುವವರಂತೂ 4000 ಪದಗಳ ಮಿತಿಯೊಳಗೆ ಒಂದು ದೀರ್ಘ ಪ್ರಬಂಧವನ್ನು ಬರೆಯಲೇಬೇಕು. ಆದರೆ ‘ನಿಮ್ಮ ಮಾತಿನಲ್ಲಿ’ ಎಂದರೆ ಏನು ಮಾಡಬೇಕು ಎಂಬುದನ್ನು ಯಾರೂ ಕೂತು ತೋರಿಸಿಕೊಡುವುದಿಲ್ಲ. ಎರಡು ಶೈಲಿಗಳಲ್ಲಿ ಯಾವುದನ್ನು, ಏಕೆ ಆರಿಸಬೇಕು ಎಂಬುದನ್ನೂ ಹೇಳುವುದಿಲ್ಲ. ಅದನ್ನೇ ಇಲ್ಲಿ ಒಂದು ಉದಾಹರಣೆ ಹಿಡಿದು ಬಿಡಿಸಿ ನೋಡೋಣ.

ಆ ಹುಡುಗಿಯ ಮುಂದೆ ಒಂದು ಪುಸ್ತಕ ಇದೆ. ಬರೆದವರ ಹೆಸರು ರಾವ್, ಪ್ರಕಟವಾದ ವರ್ಷ 2012, ಅವಳಿಗೆ ಬೇಕಾದ ಭಾಗ ಇರುವುದು 48ನೆಯ ಪುಟದಲ್ಲಿ ಎಂದು ಇಟ್ಟುಕೊಳ್ಳೋಣ. ಪುಸ್ತಕ ಕಲ್ಪಿತ, ಕೆಳಗಿನ ಭಾಗವನ್ನು ಉದಾಹರಣೆಗೆಂದು ನಾನೇ ಬರೆದಿದ್ದೇನೆ. ಇಸವಿಗಳು ಮತ್ತು ದೂರ ಮಾತ್ರ ನಿಜ.

‘1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಆರಂಭವಾದಾಗ ಅದರ ಮೊದಲ ಗಿರಾಕಿ ಯಾವ ಊರೂ ಆಗಿರಲಿಲ್ಲ, ಕೋಲಾರದ ಚಿನ್ನದ ಗಣಿಗಳಾಗಿದ್ದವು. ಸುಮಾರು 147 ಕಿಲೋಮೀಟರ್ ತಂತಿ ಎಳೆಯುವ ವೆಚ್ಚವನ್ನು ತೂಗಬಲ್ಲ, ಹಗಲೂ ರಾತ್ರಿ ವಿದ್ಯುತ್ ಕೊಳ್ಳಬಲ್ಲ ಗಿರಾಕಿ ಗಣಿ ಕಂಪನಿಗಳನ್ನು ಬಿಟ್ಟರೆ ಆಗ ಬೇರೆ ಇರಲಿಲ್ಲವೆನ್ನಬಹುದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಮೂರು ವರ್ಷದ ಬಳಿಕ, 1905ರಲ್ಲಿ. ಹೀಗೆ ನಾಡಿನ ವಿದ್ಯುತ್ತಿನ ಚರಿತ್ರೆ ಮನೆಯ ಬೆಳಕಿನಿಂದಲ್ಲ, ನೆಲದಾಳದ ಯಂತ್ರಗಳಿಂದ ಶುರುವಾಗುತ್ತದೆ.’

ಈಗ ಅವಳು ಇದನ್ನು ‘ತನ್ನ ಮಾತಿನಲ್ಲಿ’ ಬರೆಯಲು ಕೂರುತ್ತಾಳೆ. ಪುಸ್ತಕ ಎಡಗಡೆ ತೆರೆದಿದೆ, ಲ್ಯಾಪ್‌ಟಾಪ್ ಬಲಗಡೆ ಇದೆ. ಬಹುಪಾಲು ಮಕ್ಕಳ ಮೊದಲ ಪ್ರಯತ್ನ ಹೀಗಿರುತ್ತದೆ:

‘1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸ್ಥಾವರ ಪ್ರಾರಂಭಗೊಂಡಾಗ ಅದರ ಪ್ರಥಮ ಗ್ರಾಹಕ ಯಾವ ನಗರವೂ ಆಗಿರಲಿಲ್ಲ, ಕೋಲಾರದ ಬಂಗಾರದ ಗಣಿಗಳಾಗಿದ್ದವು. ಅಂದಾಜು 147 ಕಿಲೋಮೀಟರ್ ತಂತಿ ಹಾಕುವ ಖರ್ಚನ್ನು ಭರಿಸಬಲ್ಲ, ಅಹೋರಾತ್ರಿ ವಿದ್ಯುತ್ ಖರೀದಿಸಬಲ್ಲ ಗ್ರಾಹಕ ಗಣಿ ಸಂಸ್ಥೆಗಳ ಹೊರತು ಅಂದು ಅನ್ಯರಿರಲಿಲ್ಲ.’

ಮೊದಲು ಎಂಬುದು ಪ್ರಥಮ ಆಯಿತು, ಚಿನ್ನ ಬಂಗಾರವಾಯಿತು, ವೆಚ್ಚ ಖರ್ಚಾಯಿತು, ಹಗಲೂ ರಾತ್ರಿ ಎಂಬುದು ಅಹೋರಾತ್ರಿಯಾಯಿತು. ಕನ್ನಡದಲ್ಲಿ ಬರೆಯುವವರಿಗೆ ಈ ಆಟ ಬಹಳ ಸುಲಭ. ಒಂದೇ ವಸ್ತುವಿಗೆ ನಮ್ಮಲ್ಲಿ ಅಚ್ಚಗನ್ನಡದ ಮಾತೊಂದು, ಸಂಸ್ಕೃತದ್ದೊಂದು, ಉರ್ದು ಪಾರಸಿಯಿಂದ ಬಂದದ್ದೊಂದು, ಇಂಗ್ಲಿಷಿನದ್ದೊಂದು ಇದ್ದೇ ಇರುತ್ತದೆ. ಅರ್ಥವನ್ನು ಯೋಚಿಸದೆಯೇ ಇಡೀ ಪುಟವನ್ನು ಹೀಗೆ ತಿರುವಿಹಾಕಿಬಿಡಬಹುದು. ಆದರೆ ವಾಕ್ಯದ ಎಲುಬು ಎಲ್ಲೂ ಅಲುಗಿಲ್ಲ. ಮೊದಲು ಇಸವಿ, ಆಮೇಲೆ ‘ಯಾವ ಊರೂ ಅಲ್ಲ, ಗಣಿಗಳು’ ಎಂಬ ತಿರುವು, ಆಮೇಲೆ ದೂರ, ಆಮೇಲೆ ‘ಬೇರೆ ಯಾರೂ ಇರಲಿಲ್ಲ’ ಎಂಬ ಮುಕ್ತಾಯ. ಈ ಜೋಡಣೆ ರಾವ್ ಅವರದು. ಇಂಥ ಬರಹಕ್ಕೆ ಅಮೆರಿಕದ ಬರವಣಿಗೆಯ ಅಧ್ಯಾಪಕಿ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ‘ಪ್ಯಾಚ್‌ರೈಟಿಂಗ್’ ಎಂದು ಹೆಸರಿಟ್ಟರು. ಅಂದರೆ ತೇಪೆ ಬರಹ. ಇದನ್ನು ಕಳ್ಳತನವೆಂದು ಶಿಕ್ಷಿಸಿ ಕೈತೊಳೆದುಕೊಳ್ಳಬಾರದು, ಗೊತ್ತಿಲ್ಲದ ವಿಷಯವನ್ನು ಕಲಿಯುತ್ತಿರುವವರು ಹಾದುಹೋಗುವ ಹಂತ ಇದು ಎಂದು ಅವರು ವಾದಿಸಿದರು. ಅವರ ಮಾತಿನಲ್ಲಿ ನನಗೆ ನಂಬಿಕೆಯಿದೆ. ಹೀಗೆ ಬರೆಯುವ ಹೆಚ್ಚಿನ ಮಕ್ಕಳಿಗೆ ಮೋಸ ಮಾಡುವ ಉದ್ದೇಶವೇ ಇರುವುದಿಲ್ಲ, ಓದಿದ್ದು ಇನ್ನೂ ಪೂರ್ತಿ ತಲೆಗೆ ಇಳಿದಿರುವುದಿಲ್ಲ ಅಷ್ಟೆ. ಆದರೂ ಒಪ್ಪಿಸುವ ಪ್ರಬಂಧದಲ್ಲಿ ಅದು ಉಳಿದುಬಿಟ್ಟರೆ ಶಾಲೆಯ ನಿಯಮದ ಕಣ್ಣಿಗೆ ಅದು ಕೃತಿಚೌರ್ಯವೇ. ಕೊನೆಯಲ್ಲಿ ರಾವ್ ಅವರ ಹೆಸರು ಹಾಕಿದರೂ ದೋಷ ಪೂರ್ತಿ ಹೋಗುವುದಿಲ್ಲ. ವಿಚಾರ ಅವರದು ಎಂದು ಒಪ್ಪಿಕೊಂಡಂತಾಯಿತು, ಆದರೆ ಮಾತು ನನ್ನದು ಎಂಬ ಸುಳ್ಳು ಹಾಗೆಯೇ ಉಳಿಯಿತು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ತಪ್ಪು ಇದೆ. ಅದನ್ನು ಯಾವ ತಂತ್ರಾಂಶವೂ ಹಿಡಿಯುವುದಿಲ್ಲ, ಆದ್ದರಿಂದ ಅದರ ಬಗ್ಗೆ ಮಾತಾಡುವವರೂ ಕಡಿಮೆ. ತೇಪೆ ಹಾಕಬಾರದು ಎಂದು ಹೆದರಿದ ಹುಡುಗಿ ಹೀಗೆ ಬರೆಯುತ್ತಾಳೆ: ‘ಮೈಸೂರು ಸರ್ಕಾರ ತನ್ನ ಪ್ರಜೆಗಳನ್ನು ಕತ್ತಲೆಯಲ್ಲಿಟ್ಟು ವಿದೇಶಿ ಗಣಿ ಕಂಪನಿಗಳಿಗೆ ವಿದ್ಯುತ್ ಮಾರಿತು ಎನ್ನುತ್ತಾರೆ ರಾವ್.’ ಇದರಲ್ಲಿ ಗಣಿ ಕಂಪನಿ, ವಿದ್ಯುತ್ ಎಂಬ ಪದಗಳನ್ನು ಬಿಟ್ಟರೆ ಮೂಲದ ಮಾತು ಯಾವುದೂ ಇಲ್ಲ. ಆದರೆ ರಾವ್ ಹೀಗೆ ಹೇಳಲೇ ಇಲ್ಲ. ಗಿರಾಕಿ ಯಾರಿದ್ದರು ಎಂಬ ಲೆಕ್ಕಾಚಾರದ ಮಾತು ಅವರದು, ಇವಳು ಅದನ್ನು ಆರೋಪವಾಗಿ ಮಾಡಿದ್ದಾಳೆ. ತನ್ನ ಅಭಿಪ್ರಾಯವನ್ನು ಇನ್ನೊಬ್ಬರ ಬಾಯಿಗೆ ತುರುಕುವುದು ಕದಿಯುವುದಕ್ಕಿಂತ ಹಗುರವಾದ ತಪ್ಪೇನಲ್ಲ. ಮೂಲದಲ್ಲಿದ್ದ ‘ಎನ್ನಬಹುದು’ ಎಂಬ ಒಂದು ಸಣ್ಣ ಮಾತು ಎಷ್ಟು ಮುಖ್ಯ ನೋಡಿ. ಲೇಖಕರು ಅಲ್ಲಿ ಖಚಿತ ತೀರ್ಪು ಕೊಡುತ್ತಿಲ್ಲ, ಊಹೆಯನ್ನು ಮುಂದಿಡುತ್ತಿದ್ದಾರೆ. ಮೇಲಿನ ತೇಪೆ ಬರಹದಲ್ಲೂ ಆ ‘ಎನ್ನಬಹುದು’ ಬಿದ್ದುಹೋಗಿ ‘ಅನ್ಯರಿರಲಿಲ್ಲ’ ಎಂಬ ಗಟ್ಟಿ ಮಾತು ಉಳಿದುಕೊಂಡಿದೆ. ಪದಗಳ ಮೇಲೆಯೇ ಕಣ್ಣಿಟ್ಟವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲ ಕೆಲಸ ಬರೆಯುವುದಲ್ಲ, ಓದುವುದು. ಬೇಕಾದ ಆ ನಾಲ್ಕು ವಾಕ್ಯ ಮಾತ್ರ ಸಾಲದು, ಅದರ ಹಿಂದೆ ಮುಂದೆ ಒಂದೆರಡು ಪುಟವನ್ನಾದರೂ ಓದಬೇಕು. ಹೊವಾರ್ಡ್ ಮತ್ತು ಸಾಂಡ್ರಾ ಜೇಮಿಸನ್ ಅಮೆರಿಕದ 16 ಕಾಲೇಜುಗಳಿಂದ 174 ವಿದ್ಯಾರ್ಥಿ ಪ್ರಬಂಧಗಳನ್ನು ತರಿಸಿಕೊಂಡು, ಒಂದೊಂದು ಉಲ್ಲೇಖವನ್ನೂ ಮೂಲ ಪುಸ್ತಕದೊಡನೆ ಹೋಲಿಸಿ ನೋಡಿದ್ದರು. ಹೆಚ್ಚಿನ ಉಲ್ಲೇಖಗಳು ಆಕರದ ಮೊದಲ ಒಂದೆರಡು ಪುಟಗಳಿಂದಲೇ ಬಂದಿದ್ದವು. ವಿದ್ಯಾರ್ಥಿಗಳು ಇಡೀ ವಾದವನ್ನು ಸಂಗ್ರಹಿಸುವ ಬದಲು ಬಿಡಿ ವಾಕ್ಯಗಳನ್ನು ಹೆಕ್ಕುತ್ತಿದ್ದರು. ತೇಪೆ ಬರಹದ ಬೇರು ಇಲ್ಲಿಯೇ ಇದೆ. ಒಂದೇ ವಾಕ್ಯವನ್ನು ಹಿಡಿದು ಕೂತವನಿಗೆ ಆ ವಾಕ್ಯದ ಪದಗಳನ್ನು ಬದಲಿಸುವುದರ ಹೊರತು ಬೇರೆ ದಾರಿಯೇ ಇರುವುದಿಲ್ಲ. ಪುಟ ಓದಿದವನಿಗೆ ಹೇಳಲು ಏನಾದರೂ ಇರುತ್ತದೆ.

ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಬೇಕು. ನಿಜವಾಗಿಯೂ ಮುಚ್ಚಬೇಕು, ಪರದೆಯ ಮೇಲಿದ್ದರೆ ಆ ಕಿಟಕಿಯನ್ನೇ ಮುಚ್ಚಬೇಕು. ಆಮೇಲೆ ಚಿಕ್ಕ ಟಿಪ್ಪಣಿ ಬರೆದುಕೊಳ್ಳಬೇಕು, ಪೂರ್ತಿ ವಾಕ್ಯಗಳಲ್ಲಿ ಅಲ್ಲ. ನಮ್ಮ ಹುಡುಗಿಯ ಟಿಪ್ಪಣಿ ಹೀಗಿರಬಹುದು: ರಾವ್, 2012, ಪುಟ 48. ಗಣಿಗೆ ಮೊದಲು, ಬೆಂಗಳೂರಿಗೆ ಮೂರು ವರ್ಷ ತಡವಾಗಿ. ಏಕೆ? ದೂರ ಜಾಸ್ತಿ, ತಂತಿಯ ಖರ್ಚು, ನಿರಂತರ ಬಳಕೆ. ಇದು ರಾವ್ ಅವರ ವಿವರಣೆ, ಖಚಿತ ತೀರ್ಪಲ್ಲ. ಇಷ್ಟು ಸಾಕು. ಯಾವುದಾದರೂ ಮಾತನ್ನು ಮೂಲದಿಂದ ಹಾಗೆಯೇ ಬರೆದುಕೊಂಡರೆ ಅಲ್ಲಿಯೇ, ಆಗಲೇ, ಉದ್ಧರಣ ಚಿಹ್ನೆ ಹಾಕಬೇಕು. ಎರಡು ವಾರ ಬಿಟ್ಟು ಟಿಪ್ಪಣಿ ತೆಗೆದಾಗ ‘ನೆಲದಾಳದ ಯಂತ್ರಗಳಿಂದ’ ಎಂಬ ಚೆಂದದ ಮಾತು ತನಗೇ ಹೊಳೆದದ್ದೋ ಪುಸ್ತಕದ್ದೋ ಎಂದು ಯಾರಿಗೂ ನೆನಪಿರುವುದಿಲ್ಲ. ಗೊತ್ತಿಲ್ಲದೆ ಆಗುವ ಕೃತಿಚೌರ್ಯದಲ್ಲಿ ದೊಡ್ಡ ಪಾಲು ಹೀಗೆ ಟಿಪ್ಪಣಿ ಪುಸ್ತಕದಲ್ಲೇ ಹುಟ್ಟುತ್ತದೆ.

ಬರೆಯುವಾಗ ಆರಂಭಿಸಬೇಕಾದದ್ದು ಆಕರದ ಮೊದಲ ವಾಕ್ಯದಿಂದ ಅಲ್ಲ, ತನ್ನ ಪ್ರಬಂಧದ ಪ್ರಶ್ನೆಯಿಂದ. ಈ ಪ್ಯಾರಾದಲ್ಲಿ ನಾನು ಯಾವುದಕ್ಕೆ ಉತ್ತರ ಹುಡುಕುತ್ತಿದ್ದೇನೆ? ಅವಳ ಪ್ರಶ್ನೆ ‘ಊರಿಗಿಂತ ಉದ್ಯಮಕ್ಕೆ ಮೊದಲು ವಿದ್ಯುತ್ ಸಿಕ್ಕಿದ್ದೇಕೆ’ ಎಂಬುದು. ಆಗ ಮಾತಿನ ಸಾಲು ತಾನಾಗಿ ಬದಲಾಗುತ್ತದೆ:

‘ವಿದ್ಯುತ್ ಮೊದಲು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿದ್ದು ಬಹುಶಃ ಹಣದ ಲೆಕ್ಕ ಎಂದು ರಾವ್ ವಿವರಿಸುತ್ತಾರೆ. ಬೆಂಗಳೂರು 1905ರವರೆಗೆ ಕಾಯಬೇಕಾಯಿತು. ಅಷ್ಟು ಉದ್ದದ ತಂತಿಗೆ ಹಾಕಿದ ಬಂಡವಾಳ ಹುಟ್ಟಬೇಕಾದರೆ ಬಿಡುವಿಲ್ಲದೆ ವಿದ್ಯುತ್ ಬಳಸುವವರು ಬೇಕಿತ್ತು, ಅಂಥವರು ಕೋಲಾರದ ಗಣಿಗಳಲ್ಲಿ ಮಾತ್ರ ಇದ್ದಂತೆ ತೋರುತ್ತದೆ (48).’

ಇಲ್ಲಿ ಕಾರಣ ಮುಂದೆ ಬಂದಿದೆ, ಇಸವಿ ಹಿಂದೆ ಸರಿದಿದೆ. 147 ಎಂಬ ಸಂಖ್ಯೆ ಈ ವಾದಕ್ಕೆ ಬೇಕಿರಲಿಲ್ಲ, ಬಿಟ್ಟಿದ್ದಾಳೆ. ‘ಬಹುಶಃ’, ‘ತೋರುತ್ತದೆ’ ಎಂಬ ಮಾತುಗಳು ರಾವ್ ಅವರ ಅಳುಕನ್ನು ಉಳಿಸಿಕೊಂಡಿವೆ. ಕೋಲಾರ, ಗಣಿ, ವಿದ್ಯುತ್, ತಂತಿ ಎಂಬ ಪದಗಳು ಮೂಲದಲ್ಲೂ ಇವೆ, ಇಲ್ಲೂ ಇವೆ. ಅದರಲ್ಲಿ ತಪ್ಪಿಲ್ಲ. ಊರಿನ ಹೆಸರಿಗೆ, ಶಾಸ್ತ್ರದ ಪಾರಿಭಾಷಿಕ ಪದಕ್ಕೆ ಯಾರೂ ಯಜಮಾನರಲ್ಲ. ಜಲವಿದ್ಯುತ್ತನ್ನು ‘ನೀರಿನಿಂದ ಹುಟ್ಟುವ ಶಕ್ತಿ’ ಎಂದು ತಿರುಚಿ ಬರೆಯುವ ಅಗತ್ಯವಿಲ್ಲ.

ಕೊನೆಗೆ ಪುಸ್ತಕ ಮತ್ತೆ ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಹೆಸರು, ಪಾರಿಭಾಷಿಕ ಪದ ಬಿಟ್ಟು ಬೇರೆ ಮೂರು ನಾಲ್ಕು ಪದಗಳು ಒಟ್ಟೊಟ್ಟಿಗೆ ಅದೇ ಕ್ರಮದಲ್ಲಿ ಬಂದಿವೆಯೇ? ಬಂದಿದ್ದರೆ ಅಲ್ಲಿ ಉದ್ಧರಣ ಚಿಹ್ನೆ ಹಾಕಬೇಕು ಅಥವಾ ಮತ್ತೆ ಬರೆಯಬೇಕು. ಸಂಖ್ಯೆ, ಇಸವಿ ತಪ್ಪಾಗಿವೆಯೇ? ಲೇಖಕರು ಹೇಳದ್ದು ಸೇರಿದೆಯೇ? ಈ ಹೋಲಿಕೆಗೆ ಐದು ನಿಮಿಷ ಸಾಕು, ಆದರೆ ಬಹುತೇಕ ಮಂದಿ ಬಿಟ್ಟುಬಿಡುವ ಹೆಜ್ಜೆ ಇದೇ. ಯಾವುದಾದರೂ ಮಾತು ಎಷ್ಟು ಬರೆದರೂ ಮೂಲದಷ್ಟು ಚೆನ್ನಾಗಿ ಬರದಿದ್ದರೆ ಅದನ್ನು ಹಾಗೆಯೇ ಉದ್ಧರಿಸುವುದು ಮರ್ಯಾದೆಯ ದಾರಿ. ರಾವ್ ಅವರ ಕೊನೆಯ ವಾಕ್ಯ ಅಂಥದ್ದು, ಅದನ್ನು ಸೋಸಿ ಸಪ್ಪೆ ಮಾಡುವುದಕ್ಕಿಂತ ಚಿಹ್ನೆಯೊಳಗೆ ಇಡುವುದೇ ಮೇಲು.

ಮಕ್ಕಳನ್ನು ಹೆಚ್ಚು ಗೊಂದಲಕ್ಕೆ ದೂಡುವ ಇನ್ನೊಂದು ಸಂಗತಿ, ಪ್ಯಾರಾದಲ್ಲಿ ಆಕರದ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ತೋರಿಸುವುದು. ಆರು ವಾಕ್ಯ ಬರೆದು ಕೊನೆಗೆ ಒಂದು ಆವರಣ ಹಾಕಿದರೆ ಆರೂ ರಾವ್ ಅವರದೋ, ಕೊನೆಯದು ಮಾತ್ರವೋ ಎಂದು ಓದುಗರಿಗೆ ತಿಳಿಯದು. ಮೇಲಿನ ಮಾದರಿಯಲ್ಲಿ ‘ರಾವ್ ವಿವರಿಸುತ್ತಾರೆ’ ಎಂಬುದು ಹೊಲದ ಒಂದು ಬದು, ಕೊನೆಯ ಪುಟ ಸಂಖ್ಯೆ ಇನ್ನೊಂದು ಬದು. ನಡುವೆ ಇರುವುದು ಅವರದು, ಆಚೆಯದು ನಿಮ್ಮದು. ಎಲ್ಲರಿಗೂ ಗೊತ್ತಿರುವ ಸಂಗತಿಗೆ ಉಲ್ಲೇಖ ಬೇಕಿಲ್ಲ. ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ದೀಪ ಬಂತು ಎಂಬುದು ಹತ್ತಾರು ಕಡೆ ಸಿಗುವ ಮಾಹಿತಿ. ಆದರೆ ಅದಕ್ಕೆ ಮುಂಚೆ ಗಣಿಗಳಿಗೆ ಏಕೆ ಹೋಯಿತು ಎಂಬ ವಿವರಣೆ ಒಬ್ಬರ ಚಿಂತನೆ, ಅದಕ್ಕೆ ಹೆಸರು ಬೇಕು. ಅನುಮಾನ ಬಂದಾಗ ಹೆಸರು ಹಾಕುವುದರಿಂದ ಯಾರಿಗೂ ನಷ್ಟವಿಲ್ಲ.

ಎರಡು ಭಾಷೆಗಳಲ್ಲಿ ಓದಿ ಬರೆಯುವ ನಮ್ಮ ಮಕ್ಕಳಿಗೆ ಅನ್ವಯಿಸುವ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಬರೆದರೆ, ಇಲ್ಲವೇ ಕನ್ನಡ ಪುಸ್ತಕ ಓದಿ ಇಂಗ್ಲಿಷಿನಲ್ಲಿ ಬರೆದರೆ, ಪದಗಳೆಲ್ಲ ಬದಲಾಗಿರುವುದರಿಂದ ಅದು ತನ್ನದೇ ಬರಹ ಎಂಬ ಭಾವನೆ ವ್ಯಾಪಕವಾಗಿದೆ. ಹೋಲಿಕೆ ಹುಡುಕುವ ತಂತ್ರಾಂಶಕ್ಕೂ ಅದು ಸಿಕ್ಕಿಬೀಳುವ ಸಂಭವ ಕಡಿಮೆ. ಆದರೆ ವಾಕ್ಯದಿಂದ ವಾಕ್ಯಕ್ಕೆ ಭಾಷಾಂತರಿಸಿ ಹೆಸರು ಹಾಕದೆ ಬಿಟ್ಟರೆ ಅದು ಕೃತಿಚೌರ್ಯವೇ, ಅದರಲ್ಲಿ ಎರಡು ಮಾತಿಲ್ಲ. ಎಪಿಎ ಕೈಪಿಡಿ ಈ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು ಭಾಷೆಯ ಭಾಗವನ್ನು ನೀವೇ ಅನುವಾದಿಸಿ ಬಳಸಿದರೆ ಅದು ಉದ್ಧರಣೆಯಲ್ಲ, ‘ನಿಮ್ಮ ಮಾತಿನಲ್ಲಿ ಹೇಳಿದ್ದು’ ಎಂದೇ ಲೆಕ್ಕ. ಹಾಗಾಗಿ ಉದ್ಧರಣ ಚಿಹ್ನೆ ಬೇಡ, ಆಕರದ ಉಲ್ಲೇಖ ಮಾತ್ರ ಬೇಕೇ ಬೇಕು. ಕನ್ನಡದ ಆಕರಗಳನ್ನು ಇಂಗ್ಲಿಷ್ ಪ್ರಬಂಧಕ್ಕೆ ತರುವ ಮಕ್ಕಳು ಬೇರೆಯವರು ಮುಟ್ಟದ ಸಾಮಗ್ರಿಯನ್ನು ತರುತ್ತಾರೆ. ಹೆಸರು ಮರೆಮಾಚಿದರೆ ಆ ಹೆಚ್ಚುಗಾರಿಕೆಯೂ ಓದುವವರಿಗೆ ಕಾಣದೆ ಹೋಗುತ್ತದೆ.

ತಂತ್ರಾಂಶದ ವರದಿಯ ಬಗ್ಗೆ ಒಂದು ಮಾತು. ಟರ್ನಿಟಿನ್‌ನಂಥವು ಕೊಡುವ ಶೇಕಡಾವಾರು ಅಂಕಿ ಕೃತಿಚೌರ್ಯದ ಅಳತೆಯಲ್ಲ, ಪದಗಳ ಹೋಲಿಕೆಯ ಅಳತೆ. ಸರಿಯಾಗಿ ಚಿಹ್ನೆ ಹಾಕಿ ಉದ್ಧರಿಸಿದ್ದು, ಕೊನೆಯ ಆಕರ ಪಟ್ಟಿ, ಪ್ರಶ್ನೆಯ ಹಾಳೆಯಿಂದ ಬಂದ ಮಾತು ಎಲ್ಲವೂ ಅದರಲ್ಲಿ ಎಣಿಕೆಯಾಗಬಹುದು. ನಮ್ಮ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಯುಜಿಸಿ 2018ರಲ್ಲಿ ತಂದ ನಿಯಮದಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದು ಉನ್ನತ ಶಿಕ್ಷಣದ ಮಾತು. ಶಾಲೆಯ ಪ್ರಬಂಧಕ್ಕೆ ಅದನ್ನು ಅಳತೆಗೋಲಾಗಿ ಹಿಡಿದು ಅಂಕಿ ಇಳಿಸುವುದಕ್ಕೆಂದೇ ಪದ ಬದಲಿಸುತ್ತಾ ಹೋದರೆ ಮತ್ತೆ ತೇಪೆ ಬರಹಕ್ಕೇ ಹೋಗಿ ನಿಲ್ಲುತ್ತೇವೆ.

ಇನ್ನು ಶೈಲಿಯ ಆಯ್ಕೆ. ಎಂಎಲ್‌ಎ ಎಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್, 1883ರಲ್ಲಿ ಅಮೆರಿಕದ ಭಾಷಾ ಅಧ್ಯಾಪಕರು ಕಟ್ಟಿಕೊಂಡ ಸಂಘ. ಎಪಿಎ ಎಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಮನಶ್ಶಾಸ್ತ್ರಜ್ಞರ ಸಂಘ, 1892ರದ್ದು. ಎಪಿಎ ಶೈಲಿಯ ಬೀಜ 1929ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ಬಂದ ಏಳು ಪುಟಗಳ ಒಂದು ಲೇಖನ. ಎಂಎಲ್‌ಎ ತನ್ನ ಮೊದಲ ಸೂಚನಾ ಹಾಳೆಗಳನ್ನು ತಂದದ್ದು 1951ರಲ್ಲಿ. ಇಂದು ಎಂಎಲ್‌ಎ ಕೈಪಿಡಿಯ ಒಂಬತ್ತನೆಯ ಆವೃತ್ತಿ (2021), ಎಪಿಎಯ ಏಳನೆಯ ಆವೃತ್ತಿ (2020) ಬಳಕೆಯಲ್ಲಿವೆ. ಹಳೆಯ ಆವೃತ್ತಿಯ ನಿಯಮಗಳು ಶಾಲೆಯ ನೋಟ್ಸ್‌ಗಳಲ್ಲಿ ಇನ್ನೂ ಓಡಾಡುತ್ತಿರುತ್ತವೆ, ನೋಡಿಕೊಳ್ಳಬೇಕು.

ಇವೆರಡರ ವ್ಯತ್ಯಾಸವನ್ನು ಅಲ್ಪವಿರಾಮ, ಪೂರ್ಣವಿರಾಮಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ವ್ಯತ್ಯಾಸಕ್ಕೆ ಒಂದು ಕಾರಣ ಇದೆ. ಸಾಹಿತ್ಯ ಓದುವವರಿಗೆ ‘ಆ ಮಾತು ಕೃತಿಯಲ್ಲಿ ಎಲ್ಲಿದೆ’ ಎಂಬುದು ಮುಖ್ಯ, ಆದ್ದರಿಂದ ಎಂಎಲ್‌ಎ ಆವರಣದಲ್ಲಿ ಹೆಸರು ಮತ್ತು ಪುಟ ಕೊಡುತ್ತದೆ. ಕಾದಂಬರಿ 1967ರಲ್ಲಿ ಬಂದರೂ ಇಂದು ಬಂದರೂ ಅದರ ವಾಕ್ಯ ಹಳಸುವುದಿಲ್ಲ. ಮನಸ್ಸು, ಸಮಾಜ, ಶಿಕ್ಷಣದ ಬಗ್ಗೆ ಅಧ್ಯಯನ ಮಾಡುವವರಿಗೆ ‘ಆ ಮಾತು ಯಾವಾಗಿನದು’ ಎಂಬುದು ಮುಖ್ಯ, ಏಕೆಂದರೆ ಹಳೆಯ ಅಧ್ಯಯನವನ್ನು ಹೊಸದು ಸುಳ್ಳು ಮಾಡಿರಬಹುದು. ಆದ್ದರಿಂದ ಎಪಿಎ ಹೆಸರಿನ ಪಕ್ಕದಲ್ಲೇ ಇಸವಿ ಇಡುತ್ತದೆ. ಅದೇ ರಾವ್ ಅವರ ವಿಚಾರ ಎಂಎಲ್‌ಎಯಲ್ಲಿ (ರಾವ್ 48) ಎಂದೂ ಎಪಿಎಯಲ್ಲಿ (ರಾವ್, 2012) ಎಂದೂ ಆಗುತ್ತದೆ. ತನ್ನ ಮಾತಿನಲ್ಲಿ ಹೇಳಿದಾಗಲೂ ಎಂಎಲ್‌ಎ ಪುಟ ಸಂಖ್ಯೆ ಕೇಳುತ್ತದೆ. ಎಪಿಎ ಹಾಗೆ ಕಡ್ಡಾಯ ಮಾಡುವುದಿಲ್ಲ, ಉದ್ಧರಣೆಗೆ ಮಾತ್ರ ಕಡ್ಡಾಯ. ಆದರೂ ಉದ್ದನೆಯ ಪುಸ್ತಕವಾದರೆ (ರಾವ್, 2012, ಪು. 48) ಎಂದು ಕೊಡುವುದು ಓದುವವರಿಗೆ ಉಪಕಾರ. ಇದೇ ಕಾರಣಕ್ಕೆ ವಾಕ್ಯದ ಕಾಲವೂ ಬೇರೆಯಾಗುತ್ತದೆ. ಎಂಎಲ್‌ಎಯಲ್ಲಿ ‘ರಾವ್ ವಾದಿಸುತ್ತಾರೆ’, ಏಕೆಂದರೆ ಪುಸ್ತಕ ಈಗಲೂ ಮಾತಾಡುತ್ತಿದೆ. ಎಪಿಎಯಲ್ಲಿ ‘ರಾವ್ (2012) ವಾದಿಸಿದ್ದಾರೆ’, ಏಕೆಂದರೆ ಅದು ಒಂದು ಕಾಲದಲ್ಲಿ ನಡೆದ ಕೆಲಸ.

ಕೊನೆಯ ಪಟ್ಟಿಯಲ್ಲೂ ಇದೇ ತರ್ಕ ಕಾಣುತ್ತದೆ. ಬೆಂಗಳೂರಿನ ಬಗ್ಗೆ ಬರೆಯುವವರಿಗೆಲ್ಲ ಬೇಕಾಗುವ ಜಾನಕಿ ನಾಯರ್ ಅವರ ಪುಸ್ತಕವನ್ನು ತೆಗೆದುಕೊಳ್ಳಿ. ಮೇಲಿನದು ಎಂಎಲ್‌ಎ, ಕೆಳಗಿನದು ಎಪಿಎ:

```
Nair, Janaki. The Promise of the Metropolis: Bangalore's
    Twentieth Century. Oxford UP, 2005.

Nair, J. (2005). The promise of the metropolis: Bangalore's
    twentieth century. Oxford University Press.
```

ಎರಡರಲ್ಲೂ ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ ಇರಬೇಕು, ಎರಡನೆಯ ಸಾಲು ಅರ್ಧ ಇಂಚು ಒಳಗೆ ಸರಿಯಬೇಕು. ಎಪಿಎಯಲ್ಲಿ ಇಸವಿ ಕೊನೆಯಿಂದ ಹೆಸರಿನ ಪಕ್ಕಕ್ಕೆ ಹಾರಿ ಬಂದಿದೆ. ಜಾನಕಿ ಎಂಬುದು ಬರೀ ಇನಿಶಿಯಲ್ ಆಗಿದೆ. ಪುಸ್ತಕದ ಹೆಸರಿನಲ್ಲಿ ಮೊದಲ ಪದ, ಕೋಲನ್ ನಂತರದ ಪದ ಮತ್ತು ಅಂಕಿತನಾಮಕ್ಕೆ ಮಾತ್ರ ದೊಡ್ಡಕ್ಷರ. ಮಕ್ಕಳು ಹೆಚ್ಚು ಎಡವುವುದು ಈ ಕೊನೆಯ ನಿಯಮದಲ್ಲಿ, ಏಕೆಂದರೆ ಗ್ರಂಥಾಲಯದ ಜಾಲತಾಣದಿಂದ ನಕಲು ಮಾಡಿದ ಹೆಸರು ದೊಡ್ಡಕ್ಷರಗಳ ಜೊತೆಗೇ ಬಂದಿರುತ್ತದೆ. ಪಟ್ಟಿಯ ತಲೆಬರಹ ಎಂಎಲ್‌ಎಯಲ್ಲಿ ‘ವರ್ಕ್ಸ್ ಸೈಟೆಡ್’, ಎಪಿಎಯಲ್ಲಿ ‘ರೆಫರೆನ್ಸಸ್’. ಎಪಿಎಗೆ ಪ್ರತ್ಯೇಕ ಶೀರ್ಷಿಕೆ ಪುಟ ಬೇಕು. ಎಂಎಲ್‌ಎಯಲ್ಲಿ ಸಾಮಾನ್ಯವಾಗಿ ಮೊದಲ ಪುಟದ ಎಡ ಮೇಲ್ತುದಿಯಲ್ಲಿ ಹೆಸರು, ಅಧ್ಯಾಪಕರು, ತರಗತಿ, ದಿನಾಂಕ ಬರೆದರೆ ಸಾಕು.

ಹಾಗಾದರೆ ನಮ್ಮ ಹುಡುಗಿ ಯಾವುದನ್ನು ಆರಿಸಬೇಕು? ಅಧ್ಯಾಪಕರು ಒಂದನ್ನು ಹೇಳಿದ್ದರೆ ಅದೇ ಕೊನೆ. ಐಬಿ ಸಂಸ್ಥೆ ಇಂಥದ್ದೇ ಶೈಲಿ ಎಂದು ವಿಧಿಸುವುದಿಲ್ಲ, ಆರಿಸಿದ್ದನ್ನು ಉದ್ದಕ್ಕೂ ಒಂದೇ ಬಗೆಯಲ್ಲಿ ಪಾಲಿಸಬೇಕು ಎನ್ನುತ್ತದೆ. ಆಯ್ಕೆ ಅವಳ ಕೈಯಲ್ಲಿದ್ದರೆ ವಿಷಯ ನೋಡಿದರೆ ಸಾಲದು, ತನ್ನ ಪ್ರಶ್ನೆಯನ್ನೂ ಆಕರಗಳನ್ನೂ ನೋಡಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕಾಡು ಹೇಗೆ ಚಿತ್ರಿತವಾಗಿದೆ ಎಂದು ಬರೆಯುವುದಾದರೆ ಎಂಎಲ್‌ಎ ಎನ್ನಲು ಯೋಚಿಸಬೇಕಾಗಿಲ್ಲ. ಪ್ರತಿ ಪ್ಯಾರಾದಲ್ಲೂ ಅವಳು ಒಂದೇ ಪುಸ್ತಕದ ಬೇರೆ ಬೇರೆ ಪುಟಗಳಿಗೆ ಹೋಗುತ್ತಾಳೆ, ಅಲ್ಲಿ ‘1967’ ಎಂದು ಇಪ್ಪತ್ತು ಸಲ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಮೊಬೈಲು ನೋಡುವ ಮಕ್ಕಳ ನಿದ್ದೆಯ ಬಗ್ಗೆ ಬರೆಯುವುದಾದರೆ ಎಪಿಎ. ವಿದ್ಯುತ್ತಿನ ಚರಿತ್ರೆ ಮಾತ್ರ ನಡುವಿನದು. ಇತಿಹಾಸಕಾರರು ಅಡಿಟಿಪ್ಪಣಿ ಬಳಸುವ ಶಿಕಾಗೊ ಶೈಲಿಯನ್ನು ಇಷ್ಟಪಡುತ್ತಾರೆ, ಅದು ಅವಳ ಹಾಳೆಯಲ್ಲಿಲ್ಲ. ಎರಡು ಮೂರು ಪುಸ್ತಕಗಳನ್ನು ಆಳವಾಗಿ ಓದಿ, ಅವುಗಳ ವಾದ ಹೋಲಿಸುವುದಾದರೆ ನಾನು ಎಂಎಲ್‌ಎ ಎನ್ನುತ್ತೇನೆ, ಪುಟ ಸಂಖ್ಯೆ ಅಲ್ಲಿ ಕೆಲಸಕ್ಕೆ ಬರುತ್ತದೆ. 1902ರಿಂದ ಇಂದಿನವರೆಗಿನ ಸರ್ಕಾರಿ ವರದಿಗಳನ್ನು ಒಂದರ ಮೇಲೊಂದು ಇಟ್ಟು ಏನು ಬದಲಾಯಿತು ಎಂದು ತೋರಿಸುವುದಾದರೆ ಎಪಿಎ ಒಳ್ಳೆಯದು, ಇಸವಿಗಳೇ ಅಲ್ಲಿ ಕಥೆ ಹೇಳುತ್ತವೆ. ಅವಳ ಪ್ರಶ್ನೆ ‘ಏಕೆ’ ಎಂಬುದು, ಆಕರಗಳು ಕೆಲವೇ ಪುಸ್ತಕಗಳು. ಹಾಗಾಗಿ ಮೇಲಿನ ಮಾದರಿಯಲ್ಲಿ ಎಂಎಲ್‌ಎ ಹಿಡಿದಿದ್ದಾಳೆ.

ನಮ್ಮ ಕಡೆಯ ಹೆಸರುಗಳು ಈ ಎರಡೂ ಶೈಲಿಗಳಿಗೆ ಒಂದು ಸವಾಲು. ಇಬ್ಬರೂ ಕುಲನಾಮ ಮೊದಲು ಬರಲಿ ಎನ್ನುತ್ತಾರೆ, ಆದರೆ ಕನ್ನಡದ ಅನೇಕ ಲೇಖಕರಿಗೆ ಕುಲನಾಮವೇ ಇಲ್ಲ. ಯು. ಆರ್. ಅನಂತಮೂರ್ತಿ ಅವರ ಮುಂದಿನ ಅಕ್ಷರಗಳು ಊರು ಮತ್ತು ತಂದೆಯ ಹೆಸರಿನವು, ಅನಂತಮೂರ್ತಿ ಎಂಬುದೇ ಅವರ ಹೆಸರು. ಪಟ್ಟಿಯಲ್ಲಿ ‘ಅನಂತಮೂರ್ತಿ, ಯು. ಆರ್.’ ಎಂದು ಇಡಬೇಕು, ವಾಕ್ಯದೊಳಗೆ ಅನಂತಮೂರ್ತಿ ಎಂದರೆ ಸಾಕು. ಕುವೆಂಪು ಅವರನ್ನು ಪುಸ್ತಕದ ಮೇಲೆ ಇರುವಂತೆ ಕುವೆಂಪು ಎಂದೇ ಬರೆಯಬೇಕು, ಪುಟ್ಟಪ್ಪ ಎಂದು ಬಿಡಿಸುವ ಅಗತ್ಯವಿಲ್ಲ. ಕನ್ನಡ ಪುಸ್ತಕವನ್ನು ಇಂಗ್ಲಿಷ್ ಪ್ರಬಂಧದ ಪಟ್ಟಿಗೆ ಸೇರಿಸುವಾಗ ಎಪಿಎ ಪ್ರಕಾರ ಮೂಲ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ ಇಂಗ್ಲಿಷ್ ಅರ್ಥ ಕೊಡಬೇಕು. ಎಂಎಲ್‌ಎಯಲ್ಲಿ ಆ ಅರ್ಥ ಕೊಡುವುದು ನಿಮ್ಮ ಇಷ್ಟ. ಯಂತ್ರದಂತೆ ಪಟ್ಟಿ ತಯಾರಿಸಿಕೊಡುವ ಉಚಿತ ಜಾಲತಾಣಗಳು ಎಡವುವುದು ಇಲ್ಲಿಯೇ. ಇನಿಶಿಯಲ್ಲನ್ನು ಕುಲನಾಮವೆಂದು ತಿಳಿದು ಅಕ್ಷರಮಾಲೆಯಲ್ಲಿ ಬೇರೆ ಕಡೆ ಕೂರಿಸಿಬಿಡುತ್ತವೆ. ಆದ್ದರಿಂದ ಪ್ರಬಂಧ ಒಪ್ಪಿಸುವ ಮುನ್ನ ಅವಳು ಪೆನ್ಸಿಲು ಹಿಡಿದು, ಆವರಣದಲ್ಲಿರುವ ಪ್ರತಿ ಹೆಸರನ್ನೂ ಕೊನೆಯ ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಬೇಕು, ಪಟ್ಟಿಯಲ್ಲಿ ಗುರುತು ಬೀಳದೆ ಉಳಿದ ಪುಸ್ತಕವನ್ನು ಎರಡೂ ಶೈಲಿಗಳ ನಿಯಮದಂತೆ ತೆಗೆದುಹಾಕಬೇಕು.